ಬಟಾಣಿ ಇಳುವರಿ ಎಕರೆಗೆ 490 ಕೆಜಿ ಅಂತ ಬರುತ್ತಿದೆ, ಶೀಟಿನಲ್ಲಿ ಎಲ್ಲಿ ತಪ್ಪಿದೆ?

ಹಡಪಸರ_ಬರಹ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಕಡೆಯವಳು, ಪುಣೆಯ ಹಡಪಸರದಲ್ಲಿ ಇದ್ದೇನೆ. ಸಾಸವಡ ಹತ್ತಿರದ ಒಂದು ರೈತ ಉತ್ಪಾದಕರ ಗುಂಪಿಗೆ ವಾರದಲ್ಲಿ ಎರಡು ದಿನ ಲೆಕ್ಕ ಬರೆಯಲು ಹೋಗುತ್ತೇನೆ. ಯಾವ ತುಂಡು ಹೊಲದಲ್ಲಿ, ಯಾವ ಹಂಗಾಮಿನಲ್ಲಿ, ಎಷ್ಟು ಬೆಳೆ ಬಂತು ಅಂತ ಒಂದೇ ಗೂಗಲ್ ಶೀಟಿನಲ್ಲಿ ಬರೆಯುತ್ತಿದ್ದೇವೆ. ಕೊಯ್ಲಿಗೆ ಒಂದು ಸಾಲು. ತಾರೀಖು, ರೈತರ ಹೆಸರು, ಗಟ್ ನಂಬರ್, ಬೆಳೆ, ಎಕರೆ, ಕೆಜಿ. ಹಂಗಾಮನ್ನು ಶೀಟೇ ತಾರೀಖಿನ ಮೇಲೆ ಹಾಕಿಕೊಳ್ಳುತ್ತದೆ. ಕೊನೆಗೆ ಬೆಳೆವಾರು ಒಟ್ಟು ಕೆಜಿಯನ್ನು ಒಟ್ಟು ಎಕರೆಯಿಂದ ಭಾಗಿಸುತ್ತೇವೆ.

ಮೊನ್ನೆ ಸಭೆಯಲ್ಲಿ ಶೀಟು ತೋರಿಸಿದೆ. ಒಬ್ಬರ ಬಟಾಣಿ ಎಕರೆಗೆ 490 ಕೆಜಿ ಅಂತ ಬಂದಿತ್ತು. ಅವರು ಎದ್ದು ನಿಂತು, "ಅಷ್ಟೇ ಬಂದಿದ್ದರೆ ನಾನು ಬೀಜದ ದುಡ್ಡೂ ಎತ್ತುತ್ತಿರಲಿಲ್ಲ ತಾಯಿ" ಅಂದರು. ಇನ್ನೊಬ್ಬರ ಈರುಳ್ಳಿ ಎಕರೆಗೆ 182 ಕ್ವಿಂಟಲ್ ತೋರಿಸುತ್ತಿದೆ, ಅದೂ ಮುಂಗಾರಿಯಲ್ಲಿ. ಆ ರೈತರು ಮುಂಗಾರಿಯಲ್ಲಿ ಈರುಳ್ಳಿ ಹಾಕಿಯೇ ಇಲ್ಲವಂತೆ! ಅವರ ಮಾತು ನಿಜ ಅಂತ ನನಗೆ ಗೊತ್ತು. ಆದರೆ ಶೀಟಿನ ಒಂದೊಂದು ಸಾಲೂ ನೋಡಿದರೆ ಸರಿಯಾಗಿಯೇ ಇದೆ. ಎಲ್ಲಿ ನೋಡಲಿ?

ಕೋಥ್ರೂಡ_ಕಾಕಾ

ತಂಗಿ, ರೈತರ ಬಾಯಿಮಾತು ಬಿಡಿ. ಕೆಜಿಗೆ ಮಾರುಕಟ್ಟೆಯ ಪಟ್ಟಿ ಇದೆ, ಅಡತ್ಯಾ ಬರೆದುಕೊಟ್ಟ ಕಾಗದ. ಜಾಗಕ್ಕೆ ಸಾತ್‌ಬಾರಾ ಇದೆ, ಸರ್ಕಾರದ ಕಾಗದ. ಎರಡನ್ನೂ ತರಿಸಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ಕಾಗದ ಇದ್ದರೆ ವಾದ ಇರುವುದಿಲ್ಲ. ನಾನು ಮೂವತ್ತು ವರ್ಷ ಲೆಕ್ಕದ ಕೆಲಸ ಮಾಡಿದವನು.

ಹಡಪಸರ_ಬರಹ

ಕಾಕಾ, ಅದನ್ನೇ ಮಾಡಿದ್ದೇವೆ. ಕೆಜಿ ಎಲ್ಲ ಪಟ್ಟಿಯಿಂದಲೇ ಬಂದದ್ದು. ಈರುಳ್ಳಿಯವರ ಜಾಗ ಸಾತ್‌ಬಾರಾ ನೋಡಿಯೇ ಬರೆದದ್ದು, 0.60 ಅಂತ ಇತ್ತು.

ಜುನ್ನರ_ಅಳಿಯ

ಅಕ್ಕಾ, ಬಟಾಣಿಯನ್ನು ಎಷ್ಟು ಸಲ ಬಿಡಿಸಿದರು? ಆ ಸಾಲುಗಳನ್ನು ಇದ್ದಂತೆಯೇ ಇಲ್ಲಿ ಹಾಕಿ. ಈರುಳ್ಳಿಯನ್ನು ಆಮೇಲೆ ನೋಡೋಣ.

ಹಡಪಸರ_ಬರಹ

ನಾಲ್ಕು ಸಲ. ಜುಲೈನಲ್ಲಿ ಬಿತ್ತಿದ್ದು, ಸೆಪ್ಟೆಂಬರಿನಲ್ಲಿ ಬಿಡಿಸಿದ್ದು. ಜಾಗ 20 ಗುಂಟೆ, ಅಂದರೆ ಅರ್ಧ ಎಕರೆ. ಮೊದಲ ಸಲ 210 ಕೆಜಿ, ಆಮೇಲೆ 385, 290, ಕೊನೆಗೆ 95. ಒಟ್ಟು 980 ಕೆಜಿ. ನಾಲ್ಕೂ ಸಾಲಿನಲ್ಲಿ ಎಕರೆ 0.5 ಅಂತ ಇದೆ.

ಜುನ್ನರ_ಅಳಿಯ

ಅಲ್ಲೇ ಇದೆ ನೋಡಿ. ಹೊಲ ಒಂದೇ, ಬಿಡಿಸಿದ್ದು ನಾಲ್ಕು ಸಲ. ಕೆಜಿ ಕೂಡಿಸುವುದು ಸರಿ, ಏಕೆಂದರೆ ಪ್ರತಿ ಸಲ ಹೊಸ ಕಾಯಿ ಬರುತ್ತದೆ. ಆದರೆ ನಿಮ್ಮ ಶೀಟು ಎಕರೆಯನ್ನೂ ನಾಲ್ಕು ಸಲ ಕೂಡಿಸಿದೆ. ಅರ್ಧ ಎಕರೆ ನಾಲ್ಕು ಸಲ ಸೇರಿ ಎರಡು ಎಕರೆ ಆಯಿತು. 980ನ್ನು 2ರಿಂದ ಭಾಗಿಸಿದರೆ 490. ನಿಜವಾಗಿ ಭಾಗಿಸಬೇಕಾದದ್ದು ಅರ್ಧದಿಂದ. ಅವರಿಗೆ ಎಕರೆಗೆ 1,960 ಕೆಜಿ ಬಂದಿದೆ.

ನಿಮ್ಮ ಶೀಟಿನಲ್ಲಿ ಒಂದೇ ಸಲ ಕೊಯ್ಯುವ ಬೆಳೆ ನೋಡಿ. ಸೋಯಾ, ಜೋಳ ಸರಿ ಬಂದಿರುತ್ತವೆ. ಟೊಮ್ಯಾಟೊ, ಬೆಂಡೆ, ಬಟಾಣಿ ಮಾತ್ರ ಕುಸಿದಿರುತ್ತವೆ. ಎಷ್ಟು ಜಾಸ್ತಿ ಸಲ ಬಿಡಿಸುತ್ತಾರೋ ಅಷ್ಟು ಕೆಳಗೆ ಹೋಗಿರುತ್ತದೆ. ಚೆನ್ನಾಗಿ ಬೆಳೆದು ಹೆಚ್ಚು ದಿನ ಬಿಡಿಸಿದವನೇ ಶೀಟಿನಲ್ಲಿ ಕೆಟ್ಟ ರೈತನಾಗಿ ಕಾಣುತ್ತಾನೆ. ನಾನು ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಗುಂಪಿನಲ್ಲೇ ಒಳ್ಳೆಯ ಟೊಮ್ಯಾಟೊ ಬೆಳೆಗಾರನಿಗೆ ಗೊಬ್ಬರದ ಬಗ್ಗೆ ಪಾಠ ಹೇಳಲು ಹೋಗಿದ್ದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಹಡಪಸರ_ಬರಹ

ಅಯ್ಯೋ, ಹೌದು. ಈಗಷ್ಟೇ ತೆರೆದು ನೋಡಿದೆ. ಸೋಯಾ ಸರಿ ಇದೆ, ಬೆಂಡೆ ಎಲ್ಲರದ್ದೂ ಪಾತಾಳದಲ್ಲಿದೆ. ಹಾಗಾದರೆ ಮೊದಲ ಸಾಲಿನಲ್ಲಿ ಮಾತ್ರ ಎಕರೆ ಬರೆದು, ಉಳಿದ ಸಾಲುಗಳಲ್ಲಿ ಖಾಲಿ ಬಿಡಲಾ?

ಜುನ್ನರ_ಅಳಿಯ

ಬೇಡ ಅಕ್ಕಾ. ಯಾರಾದರೂ ಆ ಮೊದಲ ಸಾಲು ಅಳಿಸಿದರೆ, ಇಲ್ಲವೇ ಬರೀ ಅಕ್ಟೋಬರ್ ತಿಂಗಳ ಸಾಲುಗಳನ್ನು ಸೋಸಿ ನೋಡಿದರೆ, ಜಾಗವೇ ಮಾಯ. ಕೊಯ್ಲಿಗೆ ಸೇರಿದ್ದು ಬೇರೆ, ಬಿತ್ತನೆಗೆ ಸೇರಿದ್ದು ಬೇರೆ. ಮೂರು ಹಾಳೆ ಮಾಡಿ.

ಮೊದಲನೆಯದು ಹೊಲಗಳ ಹಾಳೆ. ಒಂದು ತುಂಡಿಗೆ ಒಂದು ಸಾಲು. ಊರು, ಗಟ್ ನಂಬರ್, ತುಂಡಿನ ಅಕ್ಷರ, ರೈತರ ಹೆಸರು, ನೀರಿನ ಮೂಲ. ಇದು ವರ್ಷ ವರ್ಷ ಬದಲಾಗುವುದಿಲ್ಲ. ಗಟ್ ನಂಬರಿನ ಜೊತೆ ಊರಿನ ಹೆಸರು ಇರಲೇಬೇಕು. 112 ಅನ್ನುವ ಗಟ್ ಪಕ್ಕದ ಊರಿನಲ್ಲೂ ಇರುತ್ತದೆ.

ಎರಡನೆಯದು ಲಾಗವಡ ಹಾಳೆ, ನಮ್ಮ ಮಾತಿನಲ್ಲಿ ಬಿತ್ತನೆ ಅಥವಾ ನಾಟಿ. ಒಂದು ತುಂಡಿನಲ್ಲಿ ಒಂದು ಬೆಳೆ ಒಂದು ಸಲ ಹಾಕಿದರೆ ಒಂದು ಸಾಲು. ಅದಕ್ಕೊಂದು ಗುರುತು ಕೊಡಿ. ಬೆಳೆ, ತಳಿ, ಬಿತ್ತಿದ ತಾರೀಖು, ಹಂಗಾಮು, ನಿಜವಾಗಿ ಬಿತ್ತಿದ ಗುಂಟೆ, ಎಲ್ಲವೂ ಇಲ್ಲೇ. ಜಾಗ ಬರೆಯುವುದು ಇಲ್ಲಿ ಮಾತ್ರ, ಒಂದೇ ಸಲ.

ಮೂರನೆಯದು ತೋಡಣಿ ಹಾಳೆ. ಪ್ರತಿ ಸಲ ಬಿಡಿಸಿದಾಗ ಒಂದು ಸಾಲು. ತಾರೀಖು, ಬಿತ್ತನೆಯ ಗುರುತು, ಕೆಜಿ. ಅಷ್ಟೇ. ಇಲ್ಲಿ ರೈತರ ಹೆಸರೂ ಬೇಡ, ಬೆಳೆಯೂ ಬೇಡ. ಗುರುತಿನಲ್ಲೇ ಎಲ್ಲ ಬಂತು.

ಹಿಂಜವಡಿ_ಹುಡುಗ

ಅಣ್ಣ ಹೇಳಿದ್ದು ಸರಿ ಇದೆ. ಸೂತ್ರ ನಾನು ಕೊಡುತ್ತೇನೆ ಅಕ್ಕಾ. Lagvad ಹಾಳೆಯಲ್ಲಿ A ಗುರುತು, E ಗುಂಟೆ ಅಂತ ಇಟ್ಟುಕೊಳ್ಳಿ. Todani ಹಾಳೆಯಲ್ಲಿ B ಗುರುತು, C ಕೆಜಿ. ಆಗ Lagvad ಹಾಳೆಯ F2ರಲ್ಲಿ ಒಟ್ಟು ಕೆಜಿ, G2ರಲ್ಲಿ ಎಕರೆಗೆ ಕೆಜಿ:

```
=SUMIFS(Todani!C:C,Todani!B:B,A2)
=F2/E2*40
```

40 ಗುಂಟೆಗೆ ಒಂದು ಎಕರೆ, ಅದಕ್ಕೇ ಕೊನೆಗೆ 40. ಆದರೆ ನನಗೆ ಕೇಳಿದರೆ ಶೀಟೇ ಬೇಡ, ಒಂದು ಚಿಕ್ಕ ಆ್ಯಪ್ ಮಾಡೋಣ. ರೈತರೇ ಹೊಲದಿಂದ ಮೊಬೈಲಿನಲ್ಲಿ ತುಂಬಿಬಿಡುತ್ತಾರೆ. ನಾನು ಶನಿವಾರ ಬಂದು ಕೂರುತ್ತೇನೆ.

ಹಡಪಸರ_ಬರಹ

ತಮ್ಮಾ, ಮನಸಾರೆ ಹೇಳಿದ್ದೀಯ, ಖುಷಿಯಾಯಿತು. ಆದರೆ ನಮ್ಮಲ್ಲಿ ಕೊಯ್ಲಿನ ದಿನ ಬೆಳಗಿನ ಜಾವವೇ ಗೋಣಿ ಟೆಂಪೋಗೆ ಏರುತ್ತದೆ. ಆ ಹೊತ್ತಿನಲ್ಲಿ ಮಣ್ಣಿನ ಕೈಯಲ್ಲಿ ಯಾರೂ ಮೊಬೈಲು ತೆಗೆಯುವುದಿಲ್ಲ. ಸಂಗ್ರಹ ಕೇಂದ್ರದ ಹುಡುಗ ತೂಗಿ ವಹಿಯಲ್ಲಿ ಬರೆಯುತ್ತಾನೆ, ನಾನು ಅದನ್ನು ಶೀಟಿಗೆ ಏರಿಸುತ್ತೇನೆ. ಶೀಟೇ ಇರಲಿ. ಶನಿವಾರ ಬಾ, ಸೂತ್ರ ಹಾಕುವಾಗ ಪಕ್ಕದಲ್ಲಿ ಇದ್ದರೆ ಸಾಕು.

ಜುನ್ನರ_ಅಳಿಯ

ಈಗ ಈರುಳ್ಳಿ. 0.60 ಅಂತ ಸಾತ್‌ಬಾರಾದಲ್ಲಿ ಇತ್ತು ಅಂದಿರಿ. ಅದನ್ನು ಎಕರೆಯ ಕಾಲಮ್ಮಿನಲ್ಲಿ ಹಾಗೇ ಬರೆದಿರಿ, ಅಲ್ವಾ?

ನಮ್ಮ ಕಡೆ ಪಹಣಿಯಲ್ಲಿ ಎಕರೆ ಗುಂಟೆ ಇರುತ್ತದೆ. ಅದೇ ಕಣ್ಣಿನಿಂದ ಇಲ್ಲಿ ಓದಿದರೆ ಪೆಟ್ಟು ಬೀಳುತ್ತದೆ. ಮಹಾರಾಷ್ಟ್ರದ ಸಾತ್‌ಬಾರಾದಲ್ಲಿ ಹೆಕ್ಟೇರು ಮತ್ತು ಆರ್. 0.60 ಅಂದರೆ 60 ಆರ್. ಒಂದು ಆರ್ ಅಂದರೆ 100 ಚದರ ಮೀಟರ್, ಒಂದು ಗುಂಟೆ 101 ಚಿಲ್ಲರೆ. ಹತ್ತಿರ ಹತ್ತಿರ ಒಂದೇ. ಹಾಗಾಗಿ ಅವರದ್ದು ಸುಮಾರು 59.3 ಗುಂಟೆ, ಒಂದೂವರೆ ಎಕರೆಗೆ ಸ್ವಲ್ಪ ಕಮ್ಮಿ. ನೀವು 0.6 ಎಕರೆ ಅಂತ ಹಿಡಿದಿದ್ದೀರಿ. ಇಳುವರಿ ಎರಡೂವರೆ ಪಟ್ಟು ಉಬ್ಬಿದ್ದು ಅದರಿಂದ. ಶೀಟಿನಲ್ಲಿ ಯಾವುದಾದರೂ ಇಳುವರಿ ಅಕ್ಕಪಕ್ಕದವರಿಗಿಂತ ಸರಿಯಾಗಿ ಎರಡೂವರೆ ಪಟ್ಟು ಕಂಡರೆ ಮೊದಲು ಹೆಕ್ಟೇರಿನ ಮೇಲೆ ಅನುಮಾನ ಪಡಿ.

ಕಾಕಾ, ತಪ್ಪು ತಿಳಿಯಬೇಡಿ. ಸಾತ್‌ಬಾರಾದ ಜಾಗ ಒಡೆತನಕ್ಕೆ ಸರಿ. ಅದರಲ್ಲಿ ಬೇಸಾಯಕ್ಕೆ ಬಾರದ ಪೋಟಖರಾಬಾ ಬೇರೆ ಇರುತ್ತದೆ. ಒಂದು ಗಟ್ಟಿನಲ್ಲಿ ಅಣ್ಣತಮ್ಮಂದಿರು ನಾಲ್ಕು ಜನ ಇರುತ್ತಾರೆ. ಒಬ್ಬನೇ ಇದ್ದರೂ ಈ ಸಲ ಅರ್ಧ ಮಾತ್ರ ಬಿತ್ತಿರುತ್ತಾನೆ. ಇಳುವರಿಗೆ ಬೇಕಾದದ್ದು ಬಿತ್ತಿದ ಜಾಗ. ಇ-ಪೀಕ್ ಪಾಹಣಿ ಆ್ಯಪಿನಲ್ಲಿ ರೈತರು ಬೆಳೆವಾರು ಜಾಗ ತುಂಬಿದ್ದರೆ ಅದನ್ನು ತಾಳೆ ನೋಡಬಹುದು. 2021ರಿಂದ ಇಲ್ಲಿ ಅದು ನಡೆಯುತ್ತಿದೆ. ಅದರಲ್ಲೂ ಅಳತೆ ಹೆಕ್ಟೇರು-ಆರ್‌ನಲ್ಲೇ, ನೆನಪಿರಲಿ.

ಕೋಥ್ರೂಡ_ಕಾಕಾ

ಪೋಟಖರಾಬಾ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಪಟ್ಟಿಯ ತೂಕ ಬಿಡಬೇಡಿ. ಅದು ದುಡ್ಡು ಕೈಗೆ ಬಂದ ತೂಕ.

ಹಡಪಸರ_ಬರಹ

ಆಯಿತು, ಜಾಗ ಸರಿ ಮಾಡಿದೆ. ಪಟ್ಟಿಗಳ ಒಟ್ಟು ತೂಕ 10,900 ಕೆಜಿ ಇತ್ತು. 59.3 ಗುಂಟೆ ಹಾಕಿದರೆ ಈಗ ಎಕರೆಗೆ ಸುಮಾರು 73.5 ಕ್ವಿಂಟಲ್ ಬರುತ್ತಿದೆ. ರೈತರಿಗೆ ಫೋನ್ ಮಾಡಿ ಹೇಳಿದೆ. "ಈಗ ಕಮ್ಮಿಯಾಯಿತಲ್ಲ, ನನಗೆ ಇನ್ನೂ ಜಾಸ್ತಿ ಬಂದಿತ್ತು" ಅಂದರು. ಮತ್ತೆ ಅದು ಇನ್ನೂ ಮುಂಗಾರಿಯಲ್ಲೇ ಕೂತಿದೆ.

ಜುನ್ನರ_ಅಳಿಯ

ಯಾವಾಗ ನಾಟಿ ಮಾಡಿದರು, ಯಾವಾಗ ಕಿತ್ತರು, ಯಾವಾಗ ಮಾರಿದರು? ಮೂರನ್ನೂ ಬೇರೆ ಬೇರೆ ಕೇಳಿ.

ಹಡಪಸರ_ಬರಹ

ಕೇಳಿದೆ. ನಾಟಿ 2025ರ ಜನವರಿ ಮೊದಲ ವಾರ. ಕಿತ್ತಿದ್ದು ಏಪ್ರಿಲ್ ಕೊನೆ. ಕಾಂದಾ ಚಾಳಿನಲ್ಲಿ, ಅಂದರೆ ಈರುಳ್ಳಿ ಇಡುವ ಶೆಡ್ಡಿನಲ್ಲಿ ತುಂಬಿಟ್ಟು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೂರು ಕಂತಿನಲ್ಲಿ ಮಾರಿದ್ದಾರೆ. ಪಟ್ಟಿ ಆಗಿನದ್ದು.

ಇನ್ನೊಂದು ಒಳ್ಳೆಯ ವಿಷಯ ಸಿಕ್ಕಿತು. ಚಾಳು ತುಂಬುವಾಗ ಅವರ ಮಗಳು ಡೈರಿಯಲ್ಲಿ ಬರೆದಿಟ್ಟಿದ್ದಾಳೆ. 640 ಕ್ರೇಟ್ ಒಳಗೆ ಹೋಗಿವೆ. ನಡುನಡುವೆ 8 ಕ್ರೇಟ್ ತೂಗಿದ್ದಾಳೆ, ಖಾಲಿ ಕ್ರೇಟಿನ ತೂಕ ಕಳೆದು ಸರಾಸರಿ 22 ಕೆಜಿ ಅಂತ ಬರೆದಿದ್ದಾಳೆ. ಒಂಬತ್ತನೇ ಕ್ಲಾಸಿನ ಹುಡುಗಿ!

ಜುನ್ನರ_ಅಳಿಯ

ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಗುಂಪಿಗೆ ಬೇಕಾದ ಪದ್ಧತಿಯನ್ನೇ ಅವಳು ಮಾಡಿದ್ದಾಳೆ. ಹದಿನಾಲ್ಕು ಟನ್ ಈರುಳ್ಳಿಯನ್ನು ಹೊಲದಲ್ಲಿ ಪೂರ್ತಿ ತೂಗಲು ಯಾರಿಗೂ ಆಗುವುದಿಲ್ಲ. ಕ್ರೇಟ್ ಎಣಿಸಬೇಕು, ಕೆಲವನ್ನು ತೂಗಬೇಕು. ಒಂದೇ ಎಚ್ಚರ ಏನಂದರೆ, ಮೊದಲ ಎಂಟು ಕ್ರೇಟನ್ನೇ ತೂಗಬಾರದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಬೇರೆ ಬೇರೆ ಸಾಲಿನಿಂದ ತೂಗಬೇಕು. ಹೊಲದ ಒಂದು ಮೂಲೆಯಲ್ಲಿ ಗಡ್ಡೆ ದಪ್ಪ ಇರುತ್ತದೆ, ಇನ್ನೊಂದು ಮೂಲೆಯಲ್ಲಿ ಸಣ್ಣ. ಇವಳು ನಡುನಡುವೆ ತೂಗಿದ್ದಾಳೆ, ಅದೇ ಸರಿ.

640 ಸಲ 22, ಅಂದರೆ 14,080 ಕೆಜಿ. 59.3 ಗುಂಟೆಗೆ ಹಾಕಿದರೆ ಎಕರೆಗೆ ಸುಮಾರು 95 ಕ್ವಿಂಟಲ್. ಇದು ಅವರ ಹೊಲದ ಇಳುವರಿ. ಮಾರಿದ್ದು 10,900. ನಡುವಿನ 3,180 ಕೆಜಿ ಚಾಳಿನಲ್ಲಿ ಹೋಯಿತು. ನೀರಿನಂಶ ಆರಿದ್ದು, ಕೊಳೆತದ್ದು, ಮೊಳೆತದ್ದು, ಮನೆಗೆ ಬಳಸಿದ್ದು, ಎಲ್ಲ ಸೇರಿ. ಅದು ಶೇಕಡ 23ರ ಹತ್ತಿರ ಆಯಿತು. ಪಟ್ಟಿಯ ತೂಕವನ್ನೇ ಇಳುವರಿ ಅಂದುಕೊಂಡರೆ ಚಾಳಿನ ನಷ್ಟ ಹೊಲದ ತಲೆಗೆ ಬರುತ್ತದೆ. ಹೊಲಕ್ಕೆ ಗೊಬ್ಬರ ಜಾಸ್ತಿ ಹಾಕಲು ಹೇಳುತ್ತೀರಿ, ಆದರೆ ರಿಪೇರಿ ಬೇಕಾಗಿದ್ದು ಚಾಳಿಗೆ, ಗಾಳಿ ಆಡಲು. ಹಾಗಾಗಿ ಕಾಕಾ, ಪಟ್ಟಿ ಬೇಕು, ಆದರೆ ಇನ್ನೊಂದು ಹಾಳೆಯಲ್ಲಿ, ಮಾರಾಟದ ಹಾಳೆಯಲ್ಲಿ. ಎರಡೂ ಇದ್ದರೆ ನಡುವೆ ಎಷ್ಟು ಸೋರಿತು ಅಂತ ಕಾಣುತ್ತದೆ.

ಹಂಗಾಮಿನ ವಿಷಯಕ್ಕೆ ಬಂದರೆ, ತಾರೀಖಿನಿಂದ ಶೀಟು ತಾನೇ ಹಂಗಾಮು ಹಾಕುವುದನ್ನು ತೆಗೆದುಬಿಡಿ. ಹಂಗಾಮು ಬಿತ್ತನೆಗೆ ಸೇರಿದ್ದು. ಬಿತ್ತನೆಯ ಸಾಲಿನಲ್ಲಿ ಕೈಯಿಂದ ಒಂದೇ ಸಲ ಬರೆಯಿರಿ. ಇವರದ್ದು 2024-25ರ ಹಿಂಗಾರಿ, ಅಂದರೆ ಇಲ್ಲಿನವರ ಉನ್ಹಾಳಿ ಕಾಂದಾ. ಮಾರಿದ್ದು ಯಾವಾಗಲಾದರೂ ಆಗಲಿ. ಬೇಸಾಯದ ವರ್ಷ ಜುಲೈಯಿಂದ ಜೂನ್ ಅಂತ ಹಿಡಿಯಿರಿ, ಆಗ ಹಿಂಗಾರಿ ಎರಡು ವರ್ಷಕ್ಕೆ ಹರಿದು ಹೋಗುವುದಿಲ್ಲ. ಈರುಳ್ಳಿಗೆ ಮುಂಗಾರಿ, ಹಿಂಗಾರಿ ಎರಡೇ ಸಾಲದು. ನಡುವೆ ರಾಂಗಡಾ ಇದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಾಟಿ ಮಾಡಿ ಜನವರಿಯಿಂದ ಕೀಳುವುದು. ಅದು ಬೇಗ ಕೆಡುವ ಮಾಲು, ಬೇರೆ ಹಂಗಾಮಾಗಿಯೇ ಇರಲಿ.

ಇಂಡಿ_ನಿಂಬೆ

ನಾನು ಪಿಂಪ್ರಿಯಲ್ಲಿ ಕೆಲಸ ಮಾಡುತ್ತೇನೆ, ಊರು ಇಂಡಿ. ನಮ್ಮದು ನಿಂಬೆ ತೋಟ. ಅಪ್ಪಾಜಿ ವರ್ಷವಿಡೀ ಬಿಡಿಸುತ್ತಲೇ ಇರುತ್ತಾರೆ. ಒಮ್ಮೆ ಒಂದು ಚೀಲ, ಒಮ್ಮೆ ಹತ್ತು ಚೀಲ. ನಮಗೆ ಯಾವ ಹಂಗಾಮು? ಬಿತ್ತನೆಯ ಸಾಲು ಅಂದರೆ ಗಿಡ ನೆಟ್ಟ ವರ್ಷ ಬರೆಯಬೇಕಾ? ನಿಂಬೆಗೆ ರೇಟು ಬೇಸಿಗೆಯಲ್ಲಿ ಮಾತ್ರ ಇರುತ್ತದೆ, ಅದನ್ನು ಎಲ್ಲಿ ಬರೆಯುವುದು?

ಜುನ್ನರ_ಅಳಿಯ

ತಮ್ಮಾ, ರೇಟು ಮಾರಾಟದ ಹಾಳೆಗೆ ಹೋಗಲಿ. ಗಿಡಕ್ಕೆ ಬಿತ್ತನೆ ಬದಲು ಬಹಾರ ಹಿಡಿಯಬೇಕು. ಯಾವ ಹೂವಿನ ಕಾಯಿ ಅದು ಅಂತ. ಪುರಂದರದ ಅಂಜೂರದವರು ಹಾಗೇ ಬರೆಯುತ್ತಾರೆ. ಮಳೆಗಾಲದ ಹಣ್ಣು ಖಟ್ಟಾ ಬಹಾರ, ಬೇಸಿಗೆಯ ಹಣ್ಣು ಮೀಠಾ ಬಹಾರ. ಅದೇ ತೋಟಕ್ಕೆ ವರ್ಷದಲ್ಲಿ ಎರಡು ಸಾಲು. ಗುಂಟೆಯ ಜೊತೆ ಕಾಯಿ ಬಿಡುತ್ತಿರುವ ಗಿಡಗಳ ಸಂಖ್ಯೆಯನ್ನೂ ಬರೆಯಿರಿ. ಗಿಡ ಸಾಯುತ್ತವೆ, ಹೊಸದು ನೆಡುತ್ತಾರೆ, ಗುಂಟೆ ಮಾತ್ರ ಅಷ್ಟೇ ಇರುತ್ತದೆ. ನಿಂಬೆಯಲ್ಲಿ ಬಹಾರಗಳು ಒಂದರ ಮೇಲೊಂದು ಏರಿ ಬಂದು ಬೇರೆ ಮಾಡಲು ಆಗದಿದ್ದರೆ ಜುಲೈಯಿಂದ ಜೂನ್ ಒಂದೇ ಸಾಲು ಇಡಿ. ಅದಕ್ಕಿಂತ ಚೆನ್ನಾದ ದಾರಿ ನಾನು ಕಂಡಿಲ್ಲ.

ಹಿಂಜವಡಿ_ಹುಡುಗ

ಅಕ್ಕಾ, ಸೂತ್ರ ಹಾಕಿದ ಮೇಲೆ ಎರಡು ತಪಾಸಣೆ ಶೀಟಿನ ಮೇಲ್ಗಡೆ ಇಡಿ. ಮೊದಲನೆಯದನ್ನು Todani ಹಾಳೆಯಲ್ಲಿ, ಕೆಜಿ ಕಾಲಮ್ಮು ಬಿಟ್ಟು ಬೇರೆ ಕಡೆ ಹಾಕಿ. ಎರಡನೆಯದನ್ನು Plots, ಅಂದರೆ ಹೊಲಗಳ ಹಾಳೆಯ ಖಾಲಿ ಜಾಗದಲ್ಲಿ ಹಾಕಿ.

```
=COUNTA(C2:C)-COUNT(C2:C)
=SUM(Todani!C:C)-SUM(Lagvad!F:F)
```

ಎರಡೂ ಸೊನ್ನೆ ಬರಬೇಕು. ಮೊದಲನೆಯದು ಸೊನ್ನೆ ಅಲ್ಲದಿದ್ದರೆ, ಕೆಜಿಯ ಜಾಗದಲ್ಲಿ ಯಾರೋ "45 ಕೆಜಿ" ಅಂತ ಅಕ್ಷರ ಸೇರಿಸಿ ಬರೆದಿದ್ದಾರೆ. ಶೀಟು ಅದನ್ನು ಅಂಕಿ ಅಂತ ತಿಳಿಯುವುದಿಲ್ಲ, ಕೂಡಿಸದೆ ಸುಮ್ನೆ ಬಿಟ್ಟುಬಿಡುತ್ತದೆ. ತಪ್ಪು ಅಂತ ಹೇಳುವುದೂ ಇಲ್ಲ. ಕಣ್ಣಿಗೂ ಗೊತ್ತಾಗುತ್ತದೆ, ಅಂಕಿ ಬಲಕ್ಕೆ ಅಂಟಿರುತ್ತವೆ, ಅಕ್ಷರ ಎಡಕ್ಕೆ. ಎರಡನೆಯದು ಹೆಚ್ಚು ಬಂದರೆ, ಯಾವುದೋ ಕೊಯ್ಲಿನ ಗುರುತು ತಪ್ಪಾಗಿದೆ, ಆ ಕೆಜಿ ಯಾವ ಹೊಲಕ್ಕೂ ಸೇರಿಲ್ಲ. ಕಮ್ಮಿ ಬಂದರೆ ಒಂದೇ ಗುರುತು ಎರಡು ಬಿತ್ತನೆಗೆ ಬಿದ್ದಿದೆ.

ಹಡಪಸರ_ಬರಹ

ಹಾಕಿದೆ. ಮೊದಲನೆಯದು 7 ಬಂತು. ಏಳೂ ಸಾಲು ಸಿಕ್ಕವು, ಎಲ್ಲ ಒಬ್ಬನೇ ಹುಡುಗ ಬರೆದದ್ದು. ಎರಡನೆಯದು 340 ಬಂತು. ಹುಡುಕಿದರೆ ಒಂದು ಗುರುತಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದಿತ್ತು! ಒಬ್ಬ ವಿಧವೆ ತಾಯಿಯ ಬೆಂಡೆ ಅದು. 340 ಕೆಜಿ ಅವರ ಲೆಕ್ಕದಲ್ಲೇ ಇರಲಿಲ್ಲ.

ಹಿಂಜವಡಿ_ಹುಡುಗ

ಗುರುತನ್ನು ಕೈಯಿಂದ ಟೈಪ್ ಮಾಡಲು ಬಿಡಲೇಬೇಡಿ. ಪಟ್ಟಿಯಿಂದ ಆರಿಸುವ ಹಾಗೆ ಮಾಡುತ್ತೇನೆ, ಶನಿವಾರ.

ಜುನ್ನರ_ಅಳಿಯ

ಇನ್ನೊಂದು ಕಾಲಮ್ಮು ಬೇಕೇಬೇಕು, ಸ್ಥಿತಿ. ನಡೆಯುತ್ತಿದೆ, ಮುಗಿಯಿತು, ಹಾಳಾಯಿತು. ಈ ಸೂತ್ರ ಏನೂ ಕೊಯ್ಯದ ಹೊಲಕ್ಕೂ ಸೊನ್ನೆ ಕೊಡುತ್ತದೆ. ಆ ಸೊನ್ನೆ ಯಾವುದು? ಇನ್ನೂ ಬಿಡಿಸಿಲ್ಲವೋ, ಹುಡುಗ ಬರೆಯಲು ಮರೆತನೋ, ಮಳೆಗೆ ಬೆಳೆ ಹೋಯಿತೋ? ನಿಮ್ಮಲ್ಲಿ ಈ ಮುಂಗಾರಿಯಲ್ಲಿ ಬಟಾಣಿ ಹೋದವರು ಇದ್ದಾರಾ?

ಹಡಪಸರ_ಬರಹ

ಇದ್ದಾರೆ. ಆ ಬಟಾಣಿಯವರ ಊರಿನಲ್ಲಿ ಮೂವರು ಬಿತ್ತಿದ್ದರು. ಇವರದ್ದು 20 ಗುಂಟೆ, 980 ಕೆಜಿ. ಇನ್ನೊಬ್ಬರದ್ದು 40 ಗುಂಟೆ, 1,800 ಕೆಜಿ. ಮೂರನೆಯವರ 30 ಗುಂಟೆ ನೀರು ನಿಂತು ಪೂರ್ತಿ ಹೋಯಿತು. ಅವರ ಹೆಸರು ಶೀಟಿನಲ್ಲೇ ಇಲ್ಲ, ಕೊಯ್ಲೇ ಇಲ್ಲವಲ್ಲ.

ಜುನ್ನರ_ಅಳಿಯ

ಅವರನ್ನು ಬಿಟ್ಟರೆ 60 ಗುಂಟೆಗೆ 2,780 ಕೆಜಿ, ಎಕರೆಗೆ 1,853. ಅವರನ್ನು ಸೇರಿಸಿದರೆ 90 ಗುಂಟೆ, ಎಕರೆಗೆ 1,236. ಎರಡೂ ನಿಜ, ಆದರೆ ಕೆಲಸ ಬೇರೆ. ತಳಿ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಮೊದಲನೆಯದು. ಮುಂದಿನ ವರ್ಷ ಎಷ್ಟು ಎಕರೆ ಬಿತ್ತಿದರೆ ಎಷ್ಟು ಮಾಲು ಬರಬಹುದು ಅಂತ ಖರೀದಿದಾರರಿಗೆ ಮಾತು ಕೊಡುವಾಗ ಎರಡನೆಯದು. ಒಂದು ಗುಂಪು ಮೊದಲನೆಯದನ್ನು ನೋಡಿ ಮಾತು ಕೊಟ್ಟಿತು. ಮಾಲು ಸಾಲದೆ ಹೊರಗಿನಿಂದ ಜಾಸ್ತಿ ಬೆಲೆಗೆ ಕೊಂಡು ತುಂಬಿತು. ಆ ವಹಿ ನಾನೇ ಬರೆದಿದ್ದೆ. ಬಿತ್ತಿದ ದಿನವೇ ಸಾಲು ತೆರೆಯಿರಿ, ಕೊಯ್ಲಿನ ದಿನವಲ್ಲ. ಆಗ ಹಾಳಾದವರು ಶೀಟಿನಿಂದ ಕಳೆದುಹೋಗುವುದಿಲ್ಲ.

ಬಾರಾಮತಿ_ಕಬ್ಬು

ನಮ್ಮದೊಂದು ಪ್ರಶ್ನೆ. ಸುರು ಕಬ್ಬಿನ ಸಾಲುಗಳ ನಡುವೆ ಈರುಳ್ಳಿ ಹಾಕುತ್ತೇವೆ. ಜಾಗ ಒಂದು ಎಕರೆ. ಎರಡು ಬಿತ್ತನೆ ಸಾಲಿನಲ್ಲಿ ಎರಡೂ ಕಡೆ 40 ಗುಂಟೆ ಬರೆದರೆ ಗುಂಪಿನ ಒಟ್ಟು ಜಾಗ ಸುಳ್ಳಾಗುತ್ತದೆ. 20-20 ಬರೆದರೆ ಕಬ್ಬಿನ ಇಳುವರಿ ಎರಡು ಪಟ್ಟು ಕಾಣುತ್ತದೆ. ಏನು ಮಾಡುವುದು?

ಜುನ್ನರ_ಅಳಿಯ

ನಾನು ಎರಡೂ ಕಡೆ ಪೂರ್ತಿ 40 ಬರೆದು, ಮಿಶ್ರ ಅಂತ ಗುರುತು ಹಾಕುತ್ತೇನೆ. ಒಟ್ಟು ಜಾಗ ಬೇಕಾದಾಗ ಹೊಲಗಳ ಹಾಳೆಯಿಂದ ತೆಗೆಯುತ್ತೇನೆ. ಮಿಶ್ರ ಈರುಳ್ಳಿಯನ್ನು ಬರೀ ಈರುಳ್ಳಿಯ ಜೊತೆ ಹೋಲಿಸುವುದೇ ಇಲ್ಲ.

ಬಾರಾಮತಿ_ಕಬ್ಬು

ಅಣ್ಣಾ, ಅದು ನನಗೆ ಒಪ್ಪಿಗೆ ಆಗುತ್ತಿಲ್ಲ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೇ ಹಾಕುತ್ತಾರೆ. ಹೋಲಿಸುವುದೇ ಇಲ್ಲ ಅಂದರೆ ಅವರಿಗೆ ಶೀಟಿನಿಂದ ಏನು ಸಿಕ್ಕಿತು? ಸಾಲಿನ ಅಗಲ ಅಳೆದು ಪಾಲು ಹಾಕಬೇಕು ಅಂತ ನನ್ನ ಲೆಕ್ಕ. ಈರುಳ್ಳಿಯ ಮಡಿ ಎಷ್ಟು ಅಡಿ, ಕಬ್ಬಿಗೆ ಎಷ್ಟು ಅಡಿ.

ಜುನ್ನರ_ಅಳಿಯ

ಕಬ್ಬಿನ ಬೇರು ಈರುಳ್ಳಿಯ ಮಡಿಗೂ ಹೋಗುತ್ತದಲ್ಲ? ಈರುಳ್ಳಿ ಕಿತ್ತ ಮೇಲೆ ಆ ಜಾಗವೂ ಕಬ್ಬಿನದ್ದೇ. ಅಡಿ ಅಳೆದರೆ ಕಬ್ಬಿಗೆ ಜಾಗ ಕಮ್ಮಿ ಬಿದ್ದು ಇಳುವರಿ ಉಬ್ಬುತ್ತದೆ. ನೀವು ಒಂದು ವರ್ಷ ನಿಮ್ಮ ರೀತಿ ಬರೆದು ನೋಡಿ, ನಾನೂ ಕಣ್ಣಿಟ್ಟು ನೋಡುತ್ತೇನೆ.

ಹಡಪಸರ_ಬರಹ

ನಮ್ಮಲ್ಲಿ ಕಬ್ಬು ಇಲ್ಲ, ಆದರೆ ಸೀತಾಫಲದ ಎಳೆ ತೋಟದಲ್ಲಿ ಬಟಾಣಿ ಹಾಕುವವರು ಐದು ಜನ ಇದ್ದಾರೆ. ಸದ್ಯಕ್ಕೆ ಮಿಶ್ರ ಅಂತ ಬರೆದು ಇಟ್ಟಿದ್ದೇನೆ.

ಇವತ್ತು ಹೊಸ ಶೀಟು ಹಿಡಿದು ಸಾಸವಡಕ್ಕೆ ಹೋಗಿದ್ದೆ. ಬಟಾಣಿಯವರ ಸಾಲು ತೆರೆದು ಎಕರೆಗೆ 1,960 ತೋರಿಸಿದೆ. ಅವರು ನಾಲ್ಕು ತೋಡಣಿಯನ್ನೂ ಬೆರಳಿಟ್ಟು ಒಂದೊಂದಾಗಿ ಓದಿದರು. ಮೂರನೆಯದರಲ್ಲಿ ನಿಂತರು. "290 ಅಲ್ಲ, ಅವತ್ತು ಹತ್ತು ಕೆಜಿ ತಂಗಿಯ ಮನೆಗೆ ಕಳಿಸಿದ್ದೆ" ಅಂದರು. 300 ಅಂತ ತಿದ್ದಿದೆ. ಈಗ ಎಕರೆಗೆ 1,980.